ಮೊದಲು ರಿಜಿಸ್ಟರ್ ಓದಿ: ಅಟೆಂಡೆನ್ಸ್ ಆ್ಯಪ್ ಆರಿಸಿಕೊಂಡ ಅಂತಿಮ ವರ್ಷದವರಿಗೆ ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿಗಳೇ,

ಪ್ರಾಜೆಕ್ಟ್‌ಗೆ ಅಟೆಂಡೆನ್ಸ್ ಆ್ಯಪ್ ಮಾಡುತ್ತೇವೆ ಎಂದು ಪ್ರತಿ ವರ್ಷವೂ ಕೆಲವು ಬ್ಯಾಚ್‌ಗಳು ಬರುತ್ತವೆ. ಈ ಸಲ ನೀವು ಬಂದಿದ್ದೀರಿ. ಹಳೇ ವಿಷಯ, ಬೇರೆ ಏನಾದರೂ ಹುಡುಕಿ ಎಂದು ನಿಮಗೆ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಎಷ್ಟೋ ಬ್ಯಾಚ್‌ಗಳು ಮುಟ್ಟಿದ ವಿಷಯವಾದರೂ ಅದರ ಕಷ್ಟದ ಭಾಗಕ್ಕೆ ಕೈಹಾಕಿದವರು ಕಡಿಮೆ, ಹಾಗಾಗಿ ನಿಮಗೆ ಮಾಡಲು ಬೇಕಾದಷ್ಟಿದೆ. ಸಿನಾಪ್ಸಿಸ್ ಕೊಡುವ ಮೊದಲೇ ನೀವು ಈ ಪತ್ರ ಓದಲೆಂದು ಬರೆಯುತ್ತಿದ್ದೇನೆ, ಯಾಕೆಂದರೆ ಗೈಡ್ ಸಹಿ ಬಿದ್ದಮೇಲೆ ವ್ಯಾಪ್ತಿ ಬದಲಿಸುವುದು ಎಲ್ಲರಿಗೂ ಕಷ್ಟ.

ಬಹುಪಾಲು ಸಿನಾಪ್ಸಿಸ್‌ಗಳು ಪ್ರಾಕ್ಸಿಯಿಂದ ಶುರುವಾಗುತ್ತವೆ. ಒಬ್ಬನ ಬದಲು ಇನ್ನೊಬ್ಬ ಕೂಗುತ್ತಾನೆ, ಅದನ್ನು ತಡೆಯಬೇಕು, ಆದ್ದರಿಂದ ಮುಖ ಗುರುತಿಸುವ ಕ್ಯಾಮೆರಾ ಅಥವಾ ಕ್ಯುಆರ್ ಕೋಡ್ ಅಥವಾ ಜಿಪಿಎಸ್. ಮೂರನ್ನೂ ಒಂದೊಂದಾಗಿ ನೋಡೋಣ. ಪ್ರೊಜೆಕ್ಟರ್ ಮೇಲೆ ಬಂದ ಕ್ಯುಆರ್ ಕೋಡ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಹಾಸ್ಟೆಲ್‌ನಲ್ಲಿ ಮಲಗಿದ್ದವನೂ ಸ್ಕ್ಯಾನ್ ಮಾಡಬಹುದು. ಕೆಲವು ಸೆಕೆಂಡಿಗೊಮ್ಮೆ ಕೋಡ್ ಬದಲಾಗುವಂತೆ ಮಾಡಿದರೆ ವಿಡಿಯೊ ಕಾಲ್ ಸಾಕು. ಜಿಪಿಎಸ್ ಕಟ್ಟಡದ ಒಳಗೆ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ. ಎರಡನೇ ಮಹಡಿಯ ತರಗತಿಯೂ ಅದರ ಕೆಳಗಿನ ಕ್ಯಾಂಟೀನೂ ಅದಕ್ಕೆ ಒಂದೇ ಜಾಗ. ಅದೂ ಅಲ್ಲದೆ ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲೇ ಸುಳ್ಳು ಸ್ಥಳ ಕೊಡುವ ಆ್ಯಪ್ ಆರಿಸಿಕೊಳ್ಳುವ ದಾರಿಯಿದೆ. ಮುಖ ಗುರುತಿಸುವುದಂತೂ ಕೇಳಲು ಚೆನ್ನ. ಅರವತ್ತು ಜನರ ಸೆಕ್ಷನ್, ದಿನಕ್ಕೆ ಐದು ಪೀರಿಯಡ್ ಎಂದರೆ 300 ಹಾಜರಿ. ನಿಮ್ಮ ಮಾಡೆಲ್ 99% ಸರಿ ಎಂದೇ ಇಟ್ಟುಕೊಳ್ಳಿ, ದಿನಕ್ಕೆ ಮೂರು ತಪ್ಪು. ಆ ಮೂವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಕಿಟಕಿ ಬೆಳಕು, ಹಿಂದಿನ ಬೆಂಚು, ಮಾಸ್ಕ್ ಸೇರಿದರೆ ಆ 99 ಕೂಡ ಉಳಿಯದು. ಮೇಲಾಗಿ ನೀವು ಸಹಪಾಠಿಗಳ ಮುಖಗಳನ್ನು ಒಂದು ಕಡೆ ಕೂಡಿಡುತ್ತಿದ್ದೀರಿ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ, ಅದರ ಪ್ರಕಾರ 18 ತುಂಬದವರು ಮಕ್ಕಳು. ಮೊದಲ ವರ್ಷದ ತರಗತಿಯಲ್ಲಿ ಹದಿನೇಳರವರು ಬೇಕಾದಷ್ಟು ಜನ ಸಿಗುತ್ತಾರೆ.

ಪ್ರಾಕ್ಸಿಯನ್ನು ಹಿಡಿಯಬಲ್ಲವರು ತರಗತಿಯಲ್ಲಿರುವ ಮೇಷ್ಟ್ರು. ತಲೆ ಎತ್ತಿ ನೋಡಿ, ತಲೆ ಎಣಿಸಿ, ಸಂಖ್ಯೆ ತಾಳೆಯಾಗದಿದ್ದರೆ ಮತ್ತೊಮ್ಮೆ ಕೂಗಿದರೆ ಆಯಿತು. ಆ ಕೆಲಸವನ್ನು ಅವರಿಗೇ ಬಿಡಿ. ನಿಮ್ಮ ಪ್ರಾಜೆಕ್ಟ್ ಅದಲ್ಲ.

ಹಾಗಾದರೆ ಯಾವುದು? ಸೆಮಿಸ್ಟರ್ ಕೊನೆಯಲ್ಲಿ ನೋಟಿಸ್ ಬೋರ್ಡಿಗೆ ಶಾರ್ಟೇಜ್ ಲಿಸ್ಟ್ ಬೀಳುತ್ತದಲ್ಲ, ಅದರ ಮುಂದೆ ಯಾರು ಯಾರು ನಿಲ್ಲುತ್ತಾರೆ ನೋಡಿದ್ದೀರಿ. ಅಲ್ಲಿಂದ ಸ್ಟಾಫ್ ರೂಮಿಗೆ ಬರುವ ವಿದ್ಯಾರ್ಥಿ ಪ್ರಾಕ್ಸಿಯ ಮಾತೇ ಎತ್ತುವುದಿಲ್ಲ. "ಸರ್, ನಾನು ಅಷ್ಟು ಕ್ಲಾಸ್ ತಪ್ಪಿಸಿಲ್ಲ, ಲೆಕ್ಕ ಹೇಗೆ ಬಂತು?" ಎಂದು ಕೇಳುತ್ತಾನೆ. ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ 85% ಹಾಜರಿ ಬೇಕು. ಸರಿಯಾದ ಕಾರಣವಿದ್ದರೆ ಇನ್ನೂ 10%ವರೆಗೆ ಮನ್ನಾ ಮಾಡಬಹುದು. ಆ ಗೆರೆಯ ಕೆಳಗೆ ಬಿದ್ದವನು ಪರೀಕ್ಷೆಗೆ ಕೂರುವಂತಿಲ್ಲ. ಸ್ವಾಯತ್ತ ಕಾಲೇಜಿನವರು ನಿಮ್ಮದೇ ರೆಗ್ಯುಲೇಶನ್ ತೆಗೆದು ನೋಡಿಕೊಳ್ಳಿ. ಎಲ್ಲೇ ಆಗಲಿ, ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡಬಲ್ಲ ಆ್ಯಪ್ ಕಟ್ಟಿ. ಅದೇ ನಿಮ್ಮ ಪ್ರಾಜೆಕ್ಟ್.

ಇದು ಸುಲಭ ಅನಿಸಬಹುದು. ಬಂದ ಕ್ಲಾಸನ್ನು ನಡೆದ ಕ್ಲಾಸಿನಿಂದ ಭಾಗಿಸಿದರೆ ಮುಗಿಯಿತಲ್ಲ? ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 50 ಕ್ಲಾಸ್ ನಡೆದಿವೆ. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಕೌನ್ಸೆಲಿಂಗ್ ಮುಗಿದ ಮೇಲೆ ಮೂರನೇ ಸೆಮಿಸ್ಟರಿಗೆ ಒಬ್ಬಳು ತಡವಾಗಿ ಸೇರುತ್ತಾಳೆ. ಅಷ್ಟು ಹೊತ್ತಿಗೆ 8 ಕ್ಲಾಸ್ ಆಗಿಹೋಗಿವೆ. ಸೇರಿದ ಮೇಲೆ ಆಕೆ 36 ಕ್ಲಾಸಿಗೆ ಬಂದಿದ್ದಾಳೆ. 36ನ್ನು 50ರಿಂದ ಭಾಗಿಸಿದರೆ 72%, ಮನ್ನಾ ಮಿತಿಗೂ ಕೆಳಗೆ. ಆಕೆ ಸೇರಿದ ದಿನದಿಂದ ನಡೆದ 42ರಿಂದ ಭಾಗಿಸಿದರೆ 85.7%, ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಬಂದ ಕ್ಲಾಸು ಅಷ್ಟೇ, ಕೂತ ಬೆಂಚೂ ಅದೇ. ಒಂದು ಲೆಕ್ಕದಲ್ಲಿ ವರ್ಷ ಹೋಗುತ್ತದೆ, ಇನ್ನೊಂದರಲ್ಲಿ ಉಳಿಯುತ್ತದೆ. ಕೆಳಗಿನ ಸಂಖ್ಯೆ ಯಾವುದು ಎಂದು ತೀರ್ಮಾನಿಸುವವರು ನೀವಲ್ಲ, ವಿಭಾಗದವರು. ಆದರೆ ಆ ಪ್ರಶ್ನೆ ಇದೆ ಎಂದು ಕಂಡುಹಿಡಿದು, ಎಚ್‌ಒಡಿ ಹತ್ತಿರ ಹೋಗಿ ಕೇಳಿ, ಅವರ ಉತ್ತರವನ್ನು ಪ್ರಪೋಸಲ್‌ನಲ್ಲಿ ಬರೆಯಬೇಕಾದವರು ನೀವೇ.

ಇಂಥದೇ ಇನ್ನೊಂದು. ಎನ್‌ಎಸ್‌ಎಸ್ ಕ್ಯಾಂಪಿಗೋ ವಾಲಿಬಾಲ್ ಟೂರ್ನಿಗೋ ಹೋದವನಿಗೆ ಓಡಿ ಕೊಡುತ್ತಾರೆ. 50 ಕ್ಲಾಸಿನಲ್ಲಿ ಅವನು 37ಕ್ಕೆ ಬಂದಿದ್ದಾನೆ, 6ಕ್ಕೆ ಓಡಿ ಇದೆ. ಓಡಿಯನ್ನು ಹಾಜರಿ ಎಂದೇ ಎಣಿಸಿದರೆ 50ಕ್ಕೆ 43, ಅಂದರೆ 86%. ಆ ಆರು ಕ್ಲಾಸನ್ನು ಲೆಕ್ಕದಿಂದಲೇ ತೆಗೆದರೆ 44ಕ್ಕೆ 37, ಅಂದರೆ 84.1%. ಎರಡೂ ನ್ಯಾಯವೆಂದೇ ತೋರುತ್ತವೆ, ಗೆರೆ ನಡುವೆ ಹಾದುಹೋಗಿದೆ. ಆದ್ದರಿಂದ ಡೇಟಾಬೇಸಿನಲ್ಲಿ ಶೇಕಡಾವಾರು ಎಂಬ ಕಾಲಮ್ ಇಡಲೇಬೇಡಿ. ಬಂದದ್ದು, ನಡೆದದ್ದು, ಓಡಿ, ಸೇರಿದ ದಿನ, ಇವನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಶೇಕಡಾವಾರನ್ನು ಕೇಳಿದಾಗ ಲೆಕ್ಕ ಹಾಕಿ ತೋರಿಸಿ. ತೋರಿಸುವಾಗಲೂ ಒಂದು ಎಚ್ಚರ ಬೇಕು. 52ಕ್ಕೆ 44 ಬಂದವನದು 84.6%. ಹತ್ತಿರದ ಪೂರ್ಣಾಂಕಕ್ಕೆ ತಂದು ತೋರಿಸಿದರೆ ಪರದೆಯಲ್ಲಿ 85 ಎಂದು ಬರುತ್ತದೆ, ಲಿಸ್ಟಿನಲ್ಲೂ ಅವನ ಹೆಸರಿರುತ್ತದೆ. ಅವನಿಗೆ ಏನು ಹೇಳುತ್ತೀರಿ? ಗೆರೆ ದಾಟಿದನೋ ಇಲ್ಲವೋ ಎಂಬುದನ್ನು ಪೂರ್ಣಾಂಕಗಳಲ್ಲೇ ಹೋಲಿಸಿ:

```
attended * 100 >= held * 85
```

44ನ್ನು 100ರಿಂದ ಗುಣಿಸಿದರೆ 4400, 52ನ್ನು 85ರಿಂದ ಗುಣಿಸಿದರೆ 4420. ದಾಟಿಲ್ಲ. ಎಲ್ಲಿಯೂ ದಶಮಾಂಶ ಬಂದಿಲ್ಲ, ವಾದಕ್ಕೂ ಎಡೆಯಿಲ್ಲ.

ಈಗ 'ನಡೆದ ಕ್ಲಾಸು' ಎಂಬ ಸಂಖ್ಯೆಗೆ ಬರುತ್ತೇನೆ. ಸಿನಾಪ್ಸಿಸ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ. ನೀವು ಟೈಮ್‌ಟೇಬಲ್ ತೆಗೆದುಕೊಂಡು, ವಾರಕ್ಕೆ ನಾಲ್ಕು ಕ್ಲಾಸ್, ಹದಿನೈದು ವಾರ, ಒಟ್ಟು 60 ಎಂದು ಟೇಬಲ್ ತುಂಬಿಸುತ್ತೀರಿ. ನಿಜವಾದ ಕಾಲೇಜಿನಲ್ಲಿ ಮಂಗಳವಾರದ ಮೇಡಂ ರಜೆ ಹಾಕಿರುತ್ತಾರೆ, ಆ ಪೀರಿಯಡ್ ಬೇರೆ ವಿಷಯದವರು ತೆಗೆದುಕೊಂಡಿರುತ್ತಾರೆ. ಶನಿವಾರ ಗುರುವಾರದ ಟೈಮ್‌ಟೇಬಲ್ ನಡೆಯುತ್ತದೆ. ಕೊನೆಯಲ್ಲಿ ಪೋರ್ಷನ್ ಮುಗಿಯದೆ ಎರಡು ಸ್ಪೆಷಲ್ ಕ್ಲಾಸ್ ಬರುತ್ತವೆ. ಕೆಲವೊಮ್ಮೆ ಎ ಮತ್ತು ಬಿ ಸೆಕ್ಷನ್ ಒಟ್ಟಿಗೆ ಕೂರುತ್ತವೆ. ಟೈಮ್‌ಟೇಬಲ್ ಏನು ನಡೆಯಬೇಕಿತ್ತು ಎಂದು ಹೇಳುತ್ತದೆ, ರಿಜಿಸ್ಟರ್ ಏನು ನಡೆಯಿತು ಎಂದು. ನಿಮಗೆ ಬೇಕಾದದ್ದು ಎರಡನೆಯದು. ಹಾಗಾಗಿ ಪ್ರತಿ ಕ್ಲಾಸಿಗೂ ಅದು ನಡೆದಾಗ ಒಂದು ಸಾಲು ಹುಟ್ಟಬೇಕು: ಯಾವ ದಿನ, ಎಷ್ಟನೇ ಪೀರಿಯಡ್, ಯಾವ ವಿಷಯ, ಯಾವ ಸೆಕ್ಷನ್, ಲ್ಯಾಬ್ ಆದರೆ ಯಾವ ಬ್ಯಾಚ್, ಯಾರು ತೆಗೆದುಕೊಂಡರು. ಟೈಮ್‌ಟೇಬಲ್ ಬರೀ ಸೂಚನೆಯಾಗಿ ಇರಲಿ, ಮೇಷ್ಟ್ರು ಆ್ಯಪ್ ತೆರೆದಾಗ ಸರಿಯಾದ ಸೆಕ್ಷನ್ ಮೊದಲು ಕಾಣಲು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಅರವತ್ತರಲ್ಲಿ ಏಳೆಂಟು ಜನ ಬಂದಿಲ್ಲ ಎನ್ನಿ. ಎಲ್ಲರನ್ನೂ ಹಾಜರು ಎಂದು ಮೊದಲೇ ಗುರುತಿಸಿಟ್ಟು, ಬಾರದವರನ್ನು ಮಾತ್ರ ಒತ್ತುವಂತೆ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಅದು ಸರಿಯಾದ ಆಯ್ಕೆಯೇ. ಆದರೆ ಪರದೆ ತೆರೆದು, ಅಷ್ಟರಲ್ಲಿ ಪ್ರಿನ್ಸಿಪಾಲ್ ಕಚೇರಿಯಿಂದ ಕರೆ ಬಂದು ಮೇಷ್ಟ್ರು ಎದ್ದುಹೋದರೆ? ಅರವತ್ತೂ ಜನ ಹಾಜರು ಎಂದು ಉಳಿದುಬಿಡುತ್ತದೆ. ಆದ್ದರಿಂದ 'ಹಾಜರಿ ತೆಗೆದಾಯಿತು' ಎಂದು ಒತ್ತುವ ತನಕ ಆ ಕ್ಲಾಸು ಅಪೂರ್ಣ ಎಂದೇ ಇರಬೇಕು. ಅಪೂರ್ಣ ಕ್ಲಾಸು ಲೆಕ್ಕಕ್ಕೆ ಬರಬಾರದು, ಮೇಷ್ಟ್ರ ಪರದೆಯಿಂದ ಮರೆಯಾಗಲೂಬಾರದು. ಒತ್ತುವ ಮುನ್ನ ಪರದೆಯ ಮೇಲೆ ದೊಡ್ಡದಾಗಿ 'ಹಾಜರು 52, ಗೈರು 8' ಎಂದು ತೋರಿಸಿ. ತಲೆ ಎಣಿಸಿ ತಾಳೆ ನೋಡಲು ಅವರಿಗೆ ಅಷ್ಟು ಸಾಕು.

ತಿದ್ದುಪಡಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಾಗದದ ರಿಜಿಸ್ಟರಿನಲ್ಲಿ ತಪ್ಪಾದರೆ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಚಿಕ್ಕ ಸಹಿ ಹಾಕುತ್ತಾರೆ. ಹಳೆಯದು ಕಾಣುತ್ತದೆ, ಹೊಸದೂ ಕಾಣುತ್ತದೆ, ಯಾರು ತಿದ್ದಿದರು ಎಂದೂ ಗೊತ್ತಾಗುತ್ತದೆ. ವೈಟ್‌ನರ್ ಹಚ್ಚಿದ ಪುಟವನ್ನು ಯಾರೂ ನಂಬುವುದಿಲ್ಲ. ನಿಮ್ಮ ಆ್ಯಪ್‌ನಲ್ಲಿ ಒಂದು ಸಾಲನ್ನು ಸುಮ್ಮನೆ ಅಪ್‌ಡೇಟ್ ಮಾಡಿದರೆ ಹಳೆಯ ನಮೂದಿನ ಗುರುತೇ ಉಳಿಯುವುದಿಲ್ಲ. ಅದರ ಬದಲು ಪ್ರತಿ ತಿದ್ದುಪಡಿಯೂ ಹೊಸ ಸಾಲಾಗಲಿ, ತಾನು ಯಾವ ಸಾಲನ್ನು ಬದಲಿಸುತ್ತಿದ್ದೇನೆ ಎಂದು ಅದೇ ಹೇಳಲಿ:

```sql
CREATE TABLE mark (
  entry_id   TEXT PRIMARY KEY,
  session_id TEXT NOT NULL,
  usn        TEXT NOT NULL,
  status     TEXT NOT NULL,  -- P, A, OD
  marked_by  TEXT NOT NULL,
  marked_at  TEXT NOT NULL,
  replaces   TEXT,
  reason     TEXT
);
```

ಯಾವ ಸಾಲನ್ನು ಇನ್ನೊಂದು ಸಾಲು ಬದಲಿಸಿಲ್ಲವೋ ಅದೇ ಈಗಿನ ಹಾಜರಿ. ಕೊನೆಯ ಸಮಯ ಯಾವುದು ಎಂದು ನೋಡಿ ತೀರ್ಮಾನಿಸಬೇಡಿ, ಯಾಕೆಂದರೆ ಫೋನಿನ ಗಡಿಯಾರವನ್ನು ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದು. `entry_id`ಯನ್ನು ಸರ್ವರ್ ಕೊಡಬಾರದು, ಮೇಷ್ಟ್ರ ಫೋನೇ ಹುಟ್ಟಿಸಬೇಕು. ಕಾರಣ ನೆಟ್‌ವರ್ಕ್. ದಪ್ಪ ಗೋಡೆಯ ಹಳೇ ಬ್ಲಾಕಿನಲ್ಲಿ ಸಿಗ್ನಲ್ ಬರುವುದಿಲ್ಲ, ಹಾಜರಿ ಫೋನಿನಲ್ಲೇ ಉಳಿದು, ಕಾರಿಡಾರಿಗೆ ಬಂದಮೇಲೆ ಸರ್ವರಿಗೆ ಹೋಗುತ್ತದೆ. ಸರ್ವರ್ ಅದನ್ನು ಬರೆದುಕೊಂಡು 'ಸಿಕ್ಕಿತು' ಎನ್ನುವಷ್ಟರಲ್ಲಿ ಸಿಗ್ನಲ್ ಮತ್ತೆ ಹೋಯಿತು ಎನ್ನಿ. ಫೋನಿಗೆ ಉತ್ತರ ಬರಲಿಲ್ಲ, ಅದು ಅದನ್ನೇ ಮತ್ತೆ ಕಳಿಸುತ್ತದೆ. ಪ್ರತಿ ಸಾಲಿಗೂ ಫೋನೇ ಕೊಟ್ಟ ಗುರುತು ಇದ್ದರೆ ಸರ್ವರ್ ಎರಡನೆಯದನ್ನು ಸುಮ್ಮನೆ ಬಿಡಬಹುದು:

```sql
ON CONFLICT (entry_id) DO NOTHING
```

ಕ್ಲಾಸಿನ ಸಾಲಿಗೂ ಇದೇ ನಿಯಮ. ಇಲ್ಲದಿದ್ದರೆ ಒಂದು ಕ್ಲಾಸು ಎರಡಾಗಿ, ಅಂದು ಬಾರದವನಿಗೆ ಎರಡು ಗೈರು ಬೀಳುತ್ತದೆ. ಇದು ಆಗಿದೆಯೇ ಎಂದು ತಿಳಿಯಲು ದಿನಾಂಕ, ಪೀರಿಯಡ್, ಸೆಕ್ಷನ್, ಬ್ಯಾಚ್ ಒಂದೇ ಇರುವ ಎರಡು ಸಾಲು ಇವೆಯೇ ಎಂದು ಹುಡುಕಿದರೆ ಸಾಕು.

ಇಷ್ಟನ್ನು ಮನಸ್ಸಿನಲ್ಲಿಟ್ಟು ವ್ಯಾಪ್ತಿ ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ: ಒಂದು ಸೆಕ್ಷನ್, ಒಂದು ಥಿಯರಿ ವಿಷಯ, ಒಬ್ಬರು ಮೇಷ್ಟ್ರು. ಸಿಗ್ನಲ್ ಇಲ್ಲದ ಕೋಣೆಯಲ್ಲಿ ಹಾಜರಿ ತೆಗೆಯಬಹುದು, ತಿದ್ದಿದರೆ ಗುರುತು ಉಳಿಯುತ್ತದೆ, ವಿಭಾಗದ ಲಿಖಿತ ನಿಯಮದ ಪ್ರಕಾರ ಶಾರ್ಟೇಜ್ ಲಿಸ್ಟ್ ಬರುತ್ತದೆ, ಲಿಸ್ಟಿನಲ್ಲಿರುವ ಪ್ರತಿ ಹೆಸರಿನ ಹಿಂದಿರುವ ದಿನಾಂಕಗಳನ್ನು ತೆರೆದು ನೋಡಬಹುದು. ಏನೇನು ಮಾಡುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಮುಖ, ಸ್ಥಳ, ಕ್ಯುಆರ್ ಇಲ್ಲ. ಲ್ಯಾಬ್ ಬ್ಯಾಚ್ ಇಲ್ಲ, ಟೇಬಲಿನಲ್ಲಿ ಅದಕ್ಕೆ ಜಾಗ ಮಾತ್ರ ಇದೆ. ಪೋಷಕರಿಗೆ ಎಸ್‌ಎಂಎಸ್ ಇಲ್ಲ. ಇದನ್ನು ರಿವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ. ಟ್ರಾಯ್ ನಿಯಮದಂತೆ ಅಂಥ ಸಂದೇಶ ಕಳಿಸಲು ಸಂಸ್ಥೆಯನ್ನೂ ಸಂದೇಶದ ಮಾದರಿಯನ್ನೂ ಡಿಎಲ್‌ಟಿಯಲ್ಲಿ ನೋಂದಾಯಿಸಬೇಕು, ಅದು ಕಾಲೇಜಿನ ಆಡಳಿತದ ಕೆಲಸ, ನಾಲ್ಕು ವಿದ್ಯಾರ್ಥಿಗಳದ್ದಲ್ಲ ಎಂದು ಉತ್ತರ ಕೊಡಿ.

ಇನ್ನು ಹಂತಗಳು. ಹದಿನಾರು ವಾರ ಇದೆ ಎಂದುಕೊಳ್ಳೋಣ. 'ಮೊದಲ ತಿಂಗಳು ಅಧ್ಯಯನ, ಎರಡನೇ ತಿಂಗಳು ವಿನ್ಯಾಸ, ಮೂರನೇ ತಿಂಗಳು ಕೋಡಿಂಗ್' ಎಂದು ಬರೆದು ತರಬೇಡಿ. ಅದರಲ್ಲಿ ಯಾವ ಹಂತ ಮುಗಿಯಿತು ಎಂದು ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಪ್ರತಿ ಹಂತದ ಕೊನೆಗೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ವಸ್ತು ಇರಲಿ.

ಮೊದಲ ಎರಡು ವಾರ ಲ್ಯಾಪ್‌ಟಾಪ್ ಮುಟ್ಟಬೇಡಿ. ಮೇಷ್ಟ್ರು ಒಪ್ಪಿದರೆ ಹಿಂದಿನ ಬೆಂಚಿನಲ್ಲಿ ಕೂತು ಹಾಜರಿ ತೆಗೆಯುವುದನ್ನು ನೋಡಿ. ಯುಎಸ್‌ಎನ್ ಕೊನೆಯ ಅಂಕಿ ಕೂಗುತ್ತಾರೋ ಹೆಸರೋ, ಎಷ್ಟು ಸೆಕೆಂಡ್ ಹಿಡಿಯುತ್ತದೆ, ತಡವಾಗಿ ಬಂದವನಿಗೆ ಏನು ಹಾಕುತ್ತಾರೆ, ಪಾಠದ ಕೊನೆಗೆ ತೆಗೆಯುತ್ತಾರೋ ಆರಂಭದಲ್ಲೋ ಎಂದು ಬರೆದುಕೊಳ್ಳಿ. ಈ ಹಂತದ ಕೊನೆಯ ವಸ್ತು ಒಂದು ಪುಟ: ತಡವಾಗಿ ಸೇರಿದವರು, ಓಡಿ, ಒಟ್ಟಿಗೆ ಕೂತ ಸೆಕ್ಷನ್, ಸ್ಪೆಷಲ್ ಕ್ಲಾಸ್, ಈ ನಾಲ್ಕಕ್ಕೂ ಎಚ್‌ಒಡಿ ಕೊಟ್ಟ ಉತ್ತರ ಮತ್ತು ಅವರ ಸಹಿ.

ಮೂರರಿಂದ ಐದನೇ ವಾರದಲ್ಲೂ ಪರದೆಯಿಲ್ಲ. ಕಳೆದ ಸೆಮಿಸ್ಟರಿನ ಒಂದು ವಿಷಯದ ರಿಜಿಸ್ಟರನ್ನು ಅನುಮತಿ ಪಡೆದು, ಹೆಸರುಗಳನ್ನು ತೆಗೆದು, ಯುಎಸ್‌ಎನ್ ಬದಲು ಕ್ರಮಸಂಖ್ಯೆ ಹಾಕಿ ನಿಮ್ಮ ಟೇಬಲ್‌ಗಳಿಗೆ ತುಂಬಿ. ಅರವತ್ತು ಜನ, ಐವತ್ತು ಕ್ಲಾಸ್ ಎಂದರೆ 3000 ಮನೆ. ಗೈರು ಮಾತ್ರ ಟೈಪ್ ಮಾಡಿದರೆ ಅದರ ಸಣ್ಣ ಪಾಲು ಸಾಕು, ಉಳಿದದ್ದು ಹಾಜರು. ನಂತರ ನಿಮ್ಮ ಪ್ರೋಗ್ರಾಂ ಕೊಟ್ಟ ಶಾರ್ಟೇಜ್ ಲಿಸ್ಟನ್ನು ವಿಭಾಗ ಅಂದು ಹಾಕಿದ ಲಿಸ್ಟಿನ ಪಕ್ಕ ಇಡಿ. ತಾಳೆಯಾಗದ ಹೆಸರುಗಳು ಸಿಗುತ್ತವೆ. ಒಂದೊಂದಕ್ಕೂ ಕಾರಣ ಹುಡುಕಿ: ನಿಮ್ಮ ಟೈಪಿಂಗ್ ತಪ್ಪೋ, ನಿಯಮ ಅರ್ಥ ಮಾಡಿಕೊಂಡದ್ದು ತಪ್ಪೋ, ಅಂದು ಕೈಲೆಕ್ಕ ತಪ್ಪಿತ್ತೋ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ಇದೇ ಮುಖ್ಯ ಹಂತ. ಇಲ್ಲಿ ಎರಡು ವಾರ ಹೆಚ್ಚು ಬೇಕಾದರೆ ತೆಗೆದುಕೊಳ್ಳಿ, ಪರದೆಯ ಅಂದದಿಂದ ಕಡಿಮೆ ಮಾಡಿ.

ಆರರಿಂದ ಒಂಬತ್ತರವರೆಗೆ ಹಾಜರಿ ತೆಗೆಯುವ ಪರದೆ, ಫೋನಿನಲ್ಲೇ ಉಳಿಸುವುದು, ಸಿಗ್ನಲ್ ಬಂದಾಗ ಕಳಿಸುವುದು. ಮುಗಿದಿದೆ ಎಂದು ತೋರಿಸಲು ಏರೋಪ್ಲೇನ್ ಮೋಡ್‌ನಲ್ಲಿ ಹಾಜರಿ ತೆಗೆಯಿರಿ, ಆ್ಯಪ್ ಅನ್ನು ಬಲವಂತವಾಗಿ ಮುಚ್ಚಿ, ಫೋನ್ ಆಫ್ ಮಾಡಿ ಆನ್ ಮಾಡಿ, ಸೇವ್ ಬಟನ್ ಎರಡು ಸಲ ಒತ್ತಿ, ಗಡಿಯಾರ ಒಂದು ದಿನ ಹಿಂದೆ ತಿರುಗಿಸಿ. ಇದೆಲ್ಲ ಆದಮೇಲೂ ಸರ್ವರಿನಲ್ಲಿ ಒಂದೇ ಕ್ಲಾಸ್, ಅರವತ್ತೇ ಸಾಲು ಇರಬೇಕು. ಇದನ್ನು ರಿವ್ಯೂ ಸಮಿತಿಯ ಕಣ್ಣೆದುರೇ ಮಾಡಿ ತೋರಿಸಿ. ಸ್ಲೈಡ್ ಬೇಕಾಗುವುದಿಲ್ಲ.

ಹತ್ತರಿಂದ ಹದಿಮೂರು, ನಾಲ್ಕು ವಾರ ಕಾಗದದ ಜೊತೆಜೊತೆಗೇ ಆ್ಯಪ್ ನಡೆಯಲಿ. ಅಧಿಕೃತ ದಾಖಲೆ ಕಾಗದವೇ. ವಾರಕ್ಕೆ ನಾಲ್ಕು ಕ್ಲಾಸಿನಂತೆ 16 ಕ್ಲಾಸ್, 960 ಹಾಜರಿ ಸಿಗುತ್ತದೆ. ಪ್ರತಿ ಶನಿವಾರ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಒಂದು ವಿಚಿತ್ರ ಎದುರಾಗಬಹುದು: ಒಂದೂ ವ್ಯತ್ಯಾಸ ಸಿಗದಿರುವುದು. ಆಗ ಖುಷಿಪಡುವ ಮುಂಚೆ `marked_at` ನೋಡಿ. ಕ್ಲಾಸು ಹತ್ತು ಗಂಟೆಗೆ, ನಮೂದು ಸಂಜೆ ನಾಲ್ಕೂವರೆಗೆ ಆಗಿದ್ದರೆ ಮೇಷ್ಟ್ರು ಕಾಗದದಿಂದ ನಕಲು ಮಾಡುತ್ತಿದ್ದಾರೆ. ನಿಮ್ಮ ಪರದೆ ತರಗತಿಯಲ್ಲಿ ಬಳಸಲು ನಿಧಾನ ಎಂದೇ ಅರ್ಥ. ಅವರನ್ನು ದೂರಬೇಡಿ, ಹೋಗಿ ಎಲ್ಲಿ ತಡವಾಗುತ್ತದೆ ಎಂದು ಕೇಳಿ. ಮೊದಲ ಎರಡು ವಾರದಲ್ಲಿ ಬರೆದುಕೊಂಡ ಸೆಕೆಂಡುಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾರಣ ಗೊತ್ತಿರುವ ಐದು ವ್ಯತ್ಯಾಸಗಳಿರುವ ವರದಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನಕಲಿನಿಂದ ಬಂದ ಸೊನ್ನೆಗೆ ಕೊಡಲಾರೆ.

ಉಳಿದ ಮೂರು ವಾರ ಸಿಕ್ಕ ತಪ್ಪುಗಳನ್ನು ತಿದ್ದಲು ಮತ್ತು ವರದಿಗೆ. ಹದಿಮೂರನೇ ವಾರದ ನಂತರ ಹೊಸದೇನನ್ನೂ ಸೇರಿಸಬೇಡಿ.

ಈ ವಾರಗಳನ್ನು ಕ್ಯಾಲೆಂಡರಿನ ಮೇಲೆ ಹಿಂದಿನಿಂದ ಮುಂದಕ್ಕೆ ಇಡಬೇಡಿ, ಮುಂದಿನಿಂದ ಹಿಂದಕ್ಕೆ ಎಣಿಸಿ. ನೀವು ಆರಿಸಿದ ಸೆಕ್ಷನ್ನಿನ ಕೊನೆಯ ಕೆಲಸದ ದಿನ ಯಾವುದು ಎಂದು ಅಕಾಡೆಮಿಕ್ ಕ್ಯಾಲೆಂಡರ್ ನೋಡಿ. ಅದರ ನಂತರ ತರಗತಿಯೇ ಇರುವುದಿಲ್ಲ, ಜೊತೆಜೊತೆಗೆ ನಡೆಸಲು ಜಾಗವೇ ಇಲ್ಲ. ಜೂನಿಯರ್‌ಗಳ ಕ್ಯಾಲೆಂಡರ್ ನಿಮ್ಮದಕ್ಕಿಂತ ಬೇರೆ ಇರುತ್ತದೆ ಎಂಬುದೂ ನೆನಪಿರಲಿ. ಇಂಟರ್ನಲ್ಸ್ ನಡೆಯುವ ವಾರಗಳನ್ನು ಖಾಲಿ ಬಿಡಿ, ಅವರದ್ದೂ ನಿಮ್ಮದೂ. ಹಾಗೆ ಎಣಿಸಿದಾಗ ನಾಲ್ಕು ವಾರ ಸಿಗದಿದ್ದರೆ ಮೂರಕ್ಕೆ ಇಳಿಸಿ. ಎರಡನೇ ಹಂತವನ್ನು ಮಾತ್ರ ಕತ್ತರಿಸಬೇಡಿ.

ಮೊದಲ ರಿವ್ಯೂಗೆ ಬರುವಾಗ ಮೂರು ಕಾಗದ ತನ್ನಿ: ಎಚ್‌ಒಡಿ ಸಹಿಯಿರುವ ನಿಯಮಗಳ ಪುಟ, ಮಾಡುವುದು ಮತ್ತು ಮಾಡದಿರುವುದನ್ನು ಬರೆದ ವ್ಯಾಪ್ತಿಯ ಪುಟ, ಆ ಸೆಕ್ಷನ್ನಿನ ಕೊನೆಯ ಕೆಲಸದ ದಿನದಿಂದ ಹಿಂದಕ್ಕೆ ಎಣಿಸಿದ ವೇಳಾಪಟ್ಟಿ. ಒಪ್ಪಿಕೊಂಡ ಮೇಷ್ಟ್ರ ವಿಷಯ ಮತ್ತು ಸೆಕ್ಷನ್ ಯಾವುದೆಂದು ವ್ಯಾಪ್ತಿಯ ಪುಟದ ಮೊದಲ ಸಾಲಿನಲ್ಲೇ ಇರಲಿ. ಮೇಷ್ಟ್ರು ಇನ್ನೂ ಒಪ್ಪಿಲ್ಲದಿದ್ದರೆ ರಿವ್ಯೂಗೆ ಮುಂಚೆ ನನ್ನ ಬಳಿ ಬನ್ನಿ, ಒಟ್ಟಿಗೆ ಹೋಗಿ ಕೇಳೋಣ.

ಇಂತಿ,
ಪ್ರಾಜೆಕ್ಟ್ ಗೈಡ್ ಆಗಿರುವ, ಇಂದಿಗೂ ಕಾಗದದ ರಿಜಿಸ್ಟರ್ ಬರೆಯುವ ನಿಮ್ಮ ಅಧ್ಯಾಪಕ